ಯಾರೂ ಓದದ ಕಾಲಂ

ಮೆಷಿನ್ ಬರೆದುಕೊಟ್ಟಿದ್ದನ್ನು ಓದಿ ಬೆಳಿಗ್ಗೆಯೇ ನನಗೆ ಮೈ ಉರಿಯಿತು.

"ಚಿನ್ನದ ನಾಡಿನ ವೀರ ಕಾರ್ಮಿಕರೇ! ನಿಮ್ಮ ಉಸಿರೇ ನಮ್ಮ ಹೆಮ್ಮೆ! ರಾಜ್ಯದಲ್ಲೇ ಮೊದಲ ಬಾರಿಗೆ ತಜ್ಞ ವೈದ್ಯರ ತಂಡದಿಂದ ನಿಮ್ಮ ಶ್ವಾಸಕೋಶದ ತೊಂದರೆಗೆ ಶಾಶ್ವತ ಪರಿಹಾರ! ಕೋರಮಂಡಲ್‌ನಿಂದ ಉಚಿತ ಬಸ್ ವ್ಯವಸ್ಥೆ ಇದೆ!"

ಹೆಮ್ಮೆಯಂತೆ. ನನ್ನ ಸೋದರಮಾವ ಸೆಲ್ವರಾಜ್ ಚಿನ್ನದ ಗಣಿ ಮುಚ್ಚುವ ತನಕ ಒಳಗಿಳಿದು ಕಲ್ಲು ಕೊರೆದವನು. ಈಗ ನಲ್ಲಿಯ ತನಕ ಹೋಗಿ ಬರುವಷ್ಟರಲ್ಲಿ ಎರಡು ಕಡೆ ಗೋಡೆ ಹಿಡಿದು ನಿಲ್ಲುತ್ತಾನೆ. ಅವನ ಉಸಿರಿನಲ್ಲಿ ಹೆಮ್ಮೆ ಇಲ್ಲ, ಶಿಳ್ಳೆ ಇದೆ. ಒಂದು ದಿನ ಅವನ ಪಕ್ಕ ಮಲಗಿ ಎದ್ದಿದ್ದರೆ ಆ ಮೆಷಿನ್ ಹೀಗೆ ಬರೆಯುತ್ತಿರಲಿಲ್ಲ. ಆದರೆ ಅದು ಯಾರ ಪಕ್ಕದಲ್ಲೂ ಮಲಗಿಲ್ಲ. ಎಲ್ಲಿಂದಲೋ ಎತ್ತಿ ಎಲ್ಲಿಗೋ ಸುರಿಯುತ್ತದೆ, ಅಷ್ಟೆ.

ನಮ್ಮ ಆಫೀಸು ಬಂಗಾರಪೇಟೆಯಲ್ಲಿ, ಸ್ಟೀಲ್ ಪಾತ್ರೆ ಅಂಗಡಿಯ ಮೇಲೆ. ಸೀರೆ ಅಂಗಡಿ, ಟ್ಯೂಷನ್, ಪೈಪು ಮಾರುವವರು, ಒಂದು ಆಸ್ಪತ್ರೆ, ಇವರಿಗೆಲ್ಲ ಫೇಸ್‌ಬುಕ್ಕಿಗೆ, ವಾಟ್ಸಾಪಿಗೆ ಹಾಕುವ ಪೋಸ್ಟು ಮಾಡಿಕೊಡುವುದು ಕೆಲಸ. ಯಜಮಾನಿ ಶಶಿರೇಖ. ಅವಳ ನಿಯಮ ಒಂದೇ: ಕಂಪ್ಯೂಟರಿನ ಎಐ ಮೆಷಿನ್ ಬರೆಯಲಿ, ಆದರೆ ಮನುಷ್ಯ ಓದದೆ ಯಾವುದೂ ಹೊರಗೆ ಹೋಗಬಾರದು. ಕಂಪ್ಯೂಟರಿನ ಶೀಟಿನಲ್ಲಿ ಒಂದೊಂದು ಪೋಸ್ಟಿಗೂ ಒಂದು ಸಾಲು. ಸಾಲಿನಲ್ಲಿ ಕನ್ನಡ, ತಮಿಳು, ತೆಲುಗು ಎಂದು ಮೂರು ಕಾಲಂ. ಪ್ರತಿ ಕಾಲಮ್ಮಿನ ಪಕ್ಕ ಓದಿದವರ ಹೆಸರು, ಹಸಿರು ಟಿಕ್. ಮೂರೂ ಟಿಕ್ ಬಿದ್ದ ಮೇಲಷ್ಟೇ, ನನ್ನ ಜೊತೆ ಕೆಲಸ ಮಾಡುವ ಬಾಲಾಜಿ ಅದನ್ನು ಶೆಡ್ಯೂಲಿಗೆ ಹಾಕಬೇಕು. ಆಮೇಲೆ ಅದು ಹೇಳಿದ ಗಂಟೆಗೆ ತಾನಾಗಿ ಹೋಗುತ್ತದೆ.

ಕನ್ನಡ ಓದುವವನು ನಾನು. ತೆಲುಗು ಶಶಿರೇಖಕ್ಕನದು. ತಮಿಳು ರೂಪಳದು, ಅವಳು ಆಂಡರ್ಸನ್‌ಪೇಟೆಯವಳು, ತಮಿಳು ಶಾಲೆಯಲ್ಲೇ ಓದಿದವಳು. ನಾನು ಹುಟ್ಟಿದಾಗಿನಿಂದ ಮನೆಯಲ್ಲಿ ತಮಿಳು ಆಡಿದವನು, ಓದುವುದಕ್ಕೆ ಒಂದಕ್ಷರ ಬಾರದು. ಹೋದದ್ದು ಕನ್ನಡ ಶಾಲೆಗೆ, ಅದನ್ನೂ ಒಂಬತ್ತನೇ ಕ್ಲಾಸಿಗೇ ಬಿಟ್ಟೆ. ಇದು ನಮ್ಮ ಕಡೆ ಯಾರಿಗೂ ವಿಚಿತ್ರವಲ್ಲ. ಮೂರು ಭಾಷೆಯಲ್ಲಿ ಜಗಳವಾಡುತ್ತೇವೆ, ಒಂದರಲ್ಲಿ ಸಹಿ ಹಾಕುತ್ತೇವೆ.

ಆ ಶನಿವಾರ ರೂಪ ರಜೆ. ಅಕ್ಕನ ಸೀಮಂತ.

ಆಸ್ಪತ್ರೆಯವರು ಹೇಗೆ ಮಾತಾಡಬೇಕು ಎಂಬ ನಿಯಮಗಳನ್ನು ಶಶಿರೇಖಕ್ಕ ಗೋಡೆಗೆ ಅಂಟಿಸಿದ್ದಳು. ಓದುವವರನ್ನು 'ನೀವು' ಎನ್ನಬೇಕು. ಹೆದರಿಸಬಾರದು. ಬಡವರು, ಪಾಪದವರು ಎಂದು ಕರೆಯಬಾರದು. ವಾಸಿ ಮಾಡುತ್ತೇವೆಂದು ಮಾತು ಕೊಡಬಾರದು. 'ಮೊದಲು', 'ಅತ್ಯುತ್ತಮ' ಎಂದು ಜಂಬ ಕೊಚ್ಚಬಾರದು. ಇದು ಮಾತಿನ ಧಾಟಿಗೆ. ವಿಷಯಕ್ಕೆ ಬೇರೆ ನಿಯಮ: ಆಸ್ಪತ್ರೆ ಕಳಿಸಿದ ನೋಟಿನಲ್ಲಿ ಇಲ್ಲದ್ದು ಪೋಸ್ಟಿನಲ್ಲಿ ಇರಬಾರದು. ಅನುಮಾನ ಬಂದರೆ ಆಸ್ಪತ್ರೆಯ ಸಿಸ್ಟರ್ ರಾಧಾಮಣಿಗೆ ಫೋನು.

ನೋಟು ಚಿಕ್ಕದು. ಭಾನುವಾರ ಊರಿಗಾಂ ಸಮುದಾಯ ಭವನದಲ್ಲಿ ಗಣಿ ಕೆಲಸ ಮಾಡಿದವರಿಗೆ ಉಸಿರಾಟದ ಪರೀಕ್ಷೆ. ಒಬ್ಬ ಡಾಕ್ಟರು. ಶುಲ್ಕವಿಲ್ಲ. ಹಳೆಯ ರಿಪೋರ್ಟು, ಈಗ ಬಳಸುವ ಔಷಧ, ಪಂಪು ತರಬೇಕು. ಪಂಪು ಅಂದರೆ ಬಾಯಿಗಿಟ್ಟು ಒತ್ತಿ ಎಳೆದುಕೊಳ್ಳುವ ಔಷಧ. ಗಣಿ ಕಾರ್ಮಿಕರ ಸಾಲುಮನೆಗಳಿರುವ ನಮ್ಮ ಲೈನುಗಳಲ್ಲಿ ಬೀಡಿಕಟ್ಟು ಇರುತ್ತಿದ್ದ ಜೇಬಿನಲ್ಲಿ ಈಗ ಅದಿರುತ್ತದೆ.

ಇಷ್ಟನ್ನು ಕೊಟ್ಟರೆ ಮೆಷಿನ್ ಬಸ್ಸು ಹುಟ್ಟಿಸಿತ್ತು. ನೋಟಿನ ಹೊರಗೆ ಹೋಗಬೇಡ ಎಂದು ಅದಕ್ಕೂ ಬರೆದೇ ಕೊಟ್ಟಿರುತ್ತೇವೆ, ಆದರೂ. ನಾನು ರಾಧಾಮಣಿ ಸಿಸ್ಟರಿಗೆ ಫೋನು ಮಾಡಿದೆ.

"ಬಸ್ಸಾ?" ಅಂದಳು. "ಯಾರಪ್ಪ ಅಂಗಂದಿದ್ದು? ನಮ್ಮತ್ರ ಇರೋದು ಒಂದು ಜೀಪು. ಅದ್ರಲ್ಲಿ ಪರೀಕ್ಷೆ ಮೆಷಿನ್ನು ಕೂತ್ಕೊಂಡು ಬತ್ತೈತೆ, ನಾವು ನೇತಾಕ್ಕೊಂಡು ಬತ್ತೀವಿ. ಬಸ್ಸು ಅಂತ ಹಾಕ್ಬುಟ್ಟೀರ, ಮುದುಕ್ರು ರೋಡಲ್ಲಿ ಕಾದು ಸಾಯ್ತಾರೆ."

ಬಸ್ಸು ಹೊಡೆದು ಹಾಕಿದೆ. ರಾಜ್ಯದಲ್ಲೇ ಮೊದಲು, ಹೊಡೆದೆ. ತಂಡ, ಶಾಶ್ವತ ಪರಿಹಾರ, ವೀರರು, ಎಲ್ಲ ಹೋಯಿತು. ಕೊನೆಗೆ ಉಳಿದದ್ದು ಇಷ್ಟು: "ಗಣಿಯಲ್ಲಿ ಕೆಲಸ ಮಾಡಿದವರಿಗೆ ಉಸಿರಾಟದ ಪರೀಕ್ಷೆ. ಭಾನುವಾರ ಬೆಳಿಗ್ಗೆ ಒಂಬತ್ತರಿಂದ, ಊರಿಗಾಂ ಸಮುದಾಯ ಭವನದಲ್ಲಿ. ನಿಮ್ಮ ಹಳೆಯ ರಿಪೋರ್ಟು, ಈಗ ಬಳಸುತ್ತಿರುವ ಔಷಧ ಮತ್ತು ಪಂಪನ್ನು ಜೊತೆಗೆ ತನ್ನಿ. ಶುಲ್ಕವಿಲ್ಲ."

ಬಾಲಾಜಿ ನನ್ನ ಭುಜದ ಮೇಲಿಂದ ಬಗ್ಗಿ ಓದಿದ. ಅವನು ಬೇತಮಂಗಲದ ಕಡೆಯವನು. ಬೆಳಿಗ್ಗೆ ಹಾಲು ಕರೆದು ಡೇರಿಗೆ ಹಾಕಿ ಬಸ್ಸು ಹತ್ತುತ್ತಾನೆ, ಬಿ.ಕಾಂ. ಮಾಡಿದ್ದಾನೆ, ಅದನ್ನು ದಿನಕ್ಕೊಂದು ಸಲ ನೆನಪಿಸುತ್ತಾನೆ.

"ಸಪ್ಪೆ ಕಣ್ಲಾ," ಅಂದ.

"ಉಪ್ಪು ಹಾಕಕ್ಕೆ ಇದೇನು ಬೋಂಡನಾ?"

"ಜನ ಓದ್ಬೇಕಲ್ಲೋ. ಏನೋ ಸಾವಿನ ಸುದ್ದಿ ಇದ್ದಂಗೈತೆ."

"ಓದ್ತಾರೆ. ಉಸ್ರು ಇಲ್ದೋರಿಗೆ ನಿನ್ನ ವೀರ ಧೀರ ಬೇಕಾಗಿಲ್ಲ. ಎಲ್ಲಿ, ಯಾವಾಗ, ಅಷ್ಟು ಸಾಕು."

ಕನ್ನಡಕ್ಕೆ ಟಿಕ್ ಹಾಕಿದೆ. ತೆಲುಗನ್ನು ಶಶಿರೇಖಕ್ಕ ಒಳಗಿನ ರೂಮಿನಿಂದಲೇ ಓದಿ ಟಿಕ್ ಹಾಕಿದಳು. ತಮಿಳು ಉಳಿಯಿತು. ಬಾಲಾಜಿ ಹಳೆಯ ತಮಿಳನ್ನು ಅಳಿಸಿ, ನಾನು ತಿದ್ದಿದ ಕನ್ನಡವನ್ನೇ ಮೆಷಿನ್ನಿಗೆ ಕೊಟ್ಟು ಹೊಸ ತಮಿಳು ಮಾಡಿಸಿದ. ಅದು ಸರಿಯಾದ ಕೆಲಸವೇ. ಬಸ್ಸು ಮತ್ತೆ ನುಗ್ಗುವ ಹಾಗಿರಲಿಲ್ಲ.

"ರೂಪಂಗೆ ಕಳ್ಸು, ಓದಿ ಹೇಳ್ಲಿ," ಅಂದೆ.

"ಕಳ್ಸಿದೀನಿ. ನೋಡಿಲ್ಲ. ಸೀಮಂತದಲ್ಲಿ ಬಳೆ ತೊಡಿಸ್ತಾ ಇರ್ತಾಳೆ. ಹನ್ನೆರಡಕ್ಕೆ ಹೋಗ್ಬೇಕು ಇದು. ನೀನೇ ಓದು."

"ನಂಗೆ ಬರಲ್ಲ ಅಂತ ಗೊತ್ತಿಲ್ವಾ?"

"ದಿನಾ ಫೋನಲ್ಲಿ ನಿಮ್ಮತ್ತೆ ಜೊತೆ ತಮಿಳು ಕುಟ್ತೀಯ."

"ಕುಟ್ಟದು ಬೇರೆ, ಓದದು ಬೇರೆ. ರೂಪ ಹೇಳೋಗಂಟ ಹಾಕ್ಬೇಡ."

"ಆಯ್ತು ಸ್ವಾಮಿ," ಅಂದ. ಆ ಧಾಟಿ ನನಗೆ ಹಿಡಿಸಲಿಲ್ಲ. ಆದರೆ ಸೀರೆ ಅಂಗಡಿಯವರು ಫೋಟೋ ತೆಗೆಯಲು ಕಾಯುತ್ತಿದ್ದರು. ಕ್ಯಾಮೆರಾ ಎತ್ತಿಕೊಂಡು ಇಳಿದೆ.

ಸೀರೆಗಳನ್ನು ಮಡಿಸಿ, ಬಿಡಿಸಿ, ಬೆಳಕಿಗೆ ಹಿಡಿದು ಮುಗಿಸುವ ಹೊತ್ತಿಗೆ ಊಟದ ಸಮಯ ದಾಟಿತ್ತು. ಮೆಟ್ಟಿಲು ಹತ್ತುತ್ತಿರುವಾಗ ಫೋನು ಬಂತು. ಮಾರಿಯಮ್ಮ ಅತ್ತೆ, ಮಾಮನ ಹೆಂಡತಿ.

"ಡೇ ವಿಜಿ, ನಿಮ್ಮಾಮ ಮಾತು ಕೇಳ್ತಾ ಇಲ್ಲಪ್ಪ. ಇಳುಪ್ಪು ಜಾಸ್ತಿ ಆಗೈತೆ. ಪಂಪು ತಗೋ ಅಂದ್ರೆ ಕೈ ತಟ್ಟಿ ಬಿಸಾಕ್ತಾನೆ."

ಇಳುಪ್ಪು ಅಂದರೆ ಉಬ್ಬಸ. "ಯಾಕಂತೆ?" ಅಂದೆ.

"ಆಸ್ಪತ್ರೆಯೋರೇ ಹೇಳಿದಾರಂತೆ. ನಾಳೆ ಟೆಸ್ಟು ಮುಗಿಯೋಗಂಟ ಪಂಪು ತಗೋಬಾರ್ದು, ಮಾತ್ರೆ ತಗೋಬಾರ್ದು. ಪಕ್ಕದ್ಮನೆ ಕಲಾ ಓದಿ ಹೇಳಿದ್ಲು, ಫೋನಲ್ಲಿ ತಮಿಳಲ್ಲಿ ಬಂದೈತೆ."

ನಾನು ಮೆಟ್ಟಿಲ ಮೇಲೆಯೇ ನಿಂತೆ. ಕೆಳಗೆ ಪಾತ್ರೆ ಅಂಗಡಿಯವನು ಯಾರಿಗೋ ಕೊಡ ಬಡಿದು ತೋರಿಸುತ್ತಿದ್ದ.

"ಅತ್ತೆ, ಆ ಮೆಸೇಜಲ್ಲಿ ಆಸ್ಪತ್ರೆ ಹೆಸರೈತಾ?"

"ಐತಂತೆ. ನೀಲಿ ಬಣ್ಣದ ಫೋಟೋ, ಜೀಪು."

ಆ ನೀಲಿ ಫೋಟೋ ನಾನೇ ಮಾಡಿದ್ದು.

ಒಳಗೆ ನುಗ್ಗಿ ಶೀಟು ತೆರೆದೆ. ಊರಿಗಾಂ ಸಾಲಿನಲ್ಲಿ ಮೂರು ಹಸಿರು ಟಿಕ್. ಕನ್ನಡದ ಪಕ್ಕ ವಿಜಯಕುಮಾರ್. ತಮಿಳಿನ ಪಕ್ಕವೂ ವಿಜಯಕುಮಾರ್. ನನ್ನ ಹೆಸರಿದ್ದ ಚೌಕದ ಮೂಲೆ ಹಿಡಿದು ಪಕ್ಕದ ಕಾಲಮ್ಮಿಗೆ ಎಳೆದಿದ್ದಾರೆ. ಟಿಕ್ಕೂ ಹೆಸರೂ ಒಟ್ಟಿಗೆ ಬಂದಿವೆ. ಸೀರೆ, ಪೈಪು ಪೋಸ್ಟುಗಳಿಗೆ ಆಫೀಸಿನಲ್ಲಿ ನಡೆಯುತ್ತಿದ್ದ ಅಭ್ಯಾಸ ಅದು. ಸ್ಥಿತಿ: ಪ್ರಕಟವಾಗಿದೆ.

"ಯಾರೋ ಎಳ್ದಿದ್ದು ಇದು?"

ಬಾಲಾಜಿ ಡಬ್ಬಿಯಿಂದ ತಲೆ ಎತ್ತಿದ. ಬೆರಳಲ್ಲಿ ಮುದ್ದೆ. "ರೂಪ ನೋಡ್ಲಿಲ್ಲ ಕಣ್ಲಾ. ಹನ್ನೆರಡಾಯ್ತು. ನೀನು ತಿದ್ದಿರೋದೇ ಅಲ್ವಾ, ಬರೀ ತರ್ಜುಮೆ..."

"ಬರೀ ತರ್ಜುಮೆ!"

ತಮಿಳಿನ ಪಠ್ಯವನ್ನು ಫೋನಿಗೆ ಹಾಕಿ, ಓದಿ ಹೇಳುವ ಗುಂಡಿ ಒತ್ತಿದೆ. ಹೆಂಗಸಿನ ದನಿ, ನೆಗಡಿಯೂ ಇಲ್ಲ, ಕೋಪವೂ ಇಲ್ಲ. ಗಣಿಯಲ್ಲಿ ಕೆಲಸ ಮಾಡಿದವರಿಗೆ, ಭಾನುವಾರ, ಊರಿಗಾಂ. ಎಲ್ಲ ಸರಿ. ಔಷಧ ಮತ್ತು ಪಂಪನ್ನು ಜೊತೆಗೆ ತನ್ನಿ. ಅದೂ ಸರಿ. ಆಮೇಲೆ, ನಿಲ್ಲಿಸದೆ: ಪರೀಕ್ಷೆ ಸರಿಯಾಗಿ ಬರಬೇಕಾದರೆ ಹಿಂದಿನ ದಿನದಿಂದಲೇ ಪಂಪನ್ನೂ ಉಸಿರಾಟದ ಮಾತ್ರೆಗಳನ್ನೂ ಬಳಸಬೇಡಿ.

ಎಷ್ಟು ಮರ್ಯಾದೆ ಆ ದನಿಗೆ! 'ನೀವು' ಅಂತಿತ್ತು. ಹೆದರಿಸಿರಲಿಲ್ಲ. ಜಂಬವಿರಲಿಲ್ಲ. ಗೋಡೆಯ ಮೇಲಿನ ಒಂದು ನಿಯಮವನ್ನೂ ಅದು ಮುರಿದಿರಲಿಲ್ಲ.

ಬಾಲಾಜಿಯ ಕೈಯಲ್ಲಿದ್ದ ಮುದ್ದೆ ಡಬ್ಬಿಗೆ ಬಿತ್ತು. ಅವನಿಗೂ ತಮಿಳು ಓದಲು ಬಾರದು, ಕೇಳಿದರೆ ಅರ್ಥವಾಗುತ್ತದೆ. "ಇದು ಎಲ್ಲಿಂದ ಬಂತ್ಲಾ? ನಾನು ಕೊಟ್ಟಿದ್ರಲ್ಲಿ ಇರ್ಲಿಲ್ಲ. ತಾಯಾಣೆ ಇರ್ಲಿಲ್ಲ."

"ಬಿ.ಕಾಂ. ಮಾಡಿದೀಯಲ್ಲ, ನೀನೇ ಹೇಳು!"

ಗಲಾಟೆ ಕೇಳಿ ಶಶಿರೇಖಕ್ಕ ಹೊರಗೆ ಬಂದಳು. ನಾನು ಹೇಳಿದ್ದನ್ನು ಪೂರ್ತಿ ಕೇಳಲಿಲ್ಲ, ಮೊದಲು ಆಸ್ಪತ್ರೆಯ ಪೇಜಿನಿಂದಲೂ ವಾಟ್ಸಾಪ್ ಚಾನೆಲ್ಲಿನಿಂದಲೂ ತಮಿಳು ಪೋಸ್ಟನ್ನು ತೆಗೆಸಿದಳು. ಅದು ನಮ್ಮ ಕೈಯಲ್ಲಿ ಇದ್ದದ್ದು. ಫಾರ್ವರ್ಡ್ ಆದದ್ದು ಲೈನಿಂದ ಲೈನಿಗೆ ಓಡಾಡುತ್ತಿತ್ತು, ಅದರ ಬಾಲ ಹಿಡಿಯುವುದು ಯಾರಿಂದಲೂ ಆಗುತ್ತಿರಲಿಲ್ಲ.

ನಾನು ಅಷ್ಟರಲ್ಲಿ ಫೋನಿನಿಂದ ಪೇಜಿಗೆ ಟೈಪು ಮಾಡುತ್ತಿದ್ದೆ. "ಹಿಂದಿನ ಪೋಸ್ಟು ಸುಳ್ಳು. ಪಂಪು ಬಳಸಿ. ಏನೂ ಆಗಲ್ಲ."

ಶಶಿರೇಖಕ್ಕ ಫೋನು ಕಿತ್ತುಕೊಂಡಳು.

"ಸುಳ್ಳು ಅಂತ ನಿಂಗ್ಯಾರು ಹೇಳಿದ್ರು?"

"ನೋಟಲ್ಲಿಲ್ಲ ಅಕ್ಕ!"

"ನೋಟಲ್ಲಿಲ್ಲ ಅಂದ್ರೆ ನಮ್ಗೆ ಗೊತ್ತಿಲ್ಲ ಅಂತ. ಸುಳ್ಳು ಅಂತಲ್ಲ. ಕೆಲವು ಟೆಸ್ಟಿಗೆ ಡಾಕ್ಟ್ರೇ ಪಂಪು ನಿಲ್ಲಿಸಿ ಬನ್ನಿ ಅಂತಾರೆ, ನಮ್ಮತ್ತೆಗೆ ಅಂದಿದ್ರು. ಇವ್ರೂ ಅಂದು ನೋಟಲ್ಲಿ ಬರೆಯೋದು ಮರ್ತಿದ್ರೆ? 'ಏನೂ ಆಗಲ್ಲ' ಅಂತ ಬರ್ದಿದೀಯಲ್ಲ, ಅದನ್ನ ನಿಂಗೆ ಯಾವ ಡಾಕ್ಟ್ರು ಹೇಳಿದ್ದು? ನೀನೂ ಆ ಮೆಷಿನ್ ಥರಾನೇ ಬರೀತಾ ಇದೀಯ."

ನನಗೆ ಅವಳ ಮುಖಕ್ಕೆ ಏನಾದರೂ ಎಸೆಯಬೇಕು ಅನ್ನಿಸಿತು. ಎಸೆಯಲು ಕೈಗೆ ಸಿಕ್ಕಿದ್ದು ಕ್ಯಾಮೆರಾದ ಮುಚ್ಚಳ. ಎಸೆಯಲಿಲ್ಲ.

"ಅಲ್ಲಿ ನಮ್ಮಾಮ ಉಸ್ರು ಕಟ್ಕೊಂಡು ಕೂತವ್ನೆ. ನೀನು ನಂಗೆ ಪಾಠ ಹೇಳು."

"ಅದು ಬೇರೆ," ಅಂದಳು ಅಷ್ಟೇ ಜೋರಾಗಿ. "ಉಸ್ರು ಕಟ್ತಿರೋನಿಗೆ ಯಾರ ಅಪ್ಪಣೆಯೂ ಬೇಡ. ತಗೊಳ್ಳಕ್ಕೇಳು, ಈಗ್ಲೇ. ಟೆಸ್ಟು ಹಾಳಾದ್ರೆ ಹಾಳಾಗ್ಲಿ. ಆದ್ರೆ ಊರಿಗೆಲ್ಲ ಹೇಳೋಕ್ಮುಂಚೆ ಆಸ್ಪತ್ರೆ ಬಾಯಲ್ಲಿ ಬರ್ಬೇಕು."

ಅತ್ತೆಗೆ ಫೋನು ಮಾಡಿ ಮಾಮನಿಗೆ ಕೊಡಿಸಿದೆ. ಮೊದಲು ಉಸಿರು ಕೇಳಿತು, ತೂತು ಬಿದ್ದ ತಿದಿಯ ಸದ್ದು. ಆಮೇಲೆ ಮಾತು, ಒಂದೊಂದು ಪದಕ್ಕೆ ಒಂದೊಂದು ತಡೆ.

"ಮಾಮ, ಆ ಮೆಸೇಜು ನಮ್ಮಾಫೀಸಿಂದ ಬಂದಿದ್ದು. ತಪ್ಪಾಗೈತೆ. ಪಂಪು ತಗೋ."

"ಆಸ್ಪತ್ರೆ... ಹೆಸರೈತೆ... ಅದ್ರಲ್ಲಿ."

"ಹೆಸರು ಅವ್ರದು, ಬರೆಯೋದು ನಾವು ಮಾಮ."

"ನೀನು... ಒಂಬತ್ತು ಫೇಲು. ಡಾಕ್ಟ್ರು... ಹೇಳಿದ್ದು... ನೀನು ಬರ್ದ್ಯಾ?" ಅವನು ನಗಲು ಹೋಗಿ ಕೆಮ್ಮಿದ. ಕೆಮ್ಮು ಇಳಿದ ಮೇಲೆ ದನಿ ಬೇರೆಯಾಯಿತು. "ಡೇ, ಕೇಳು. ಇಪ್ಪತ್ತು ವರ್ಷ... ಹೋದಲ್ಲೆಲ್ಲ ಟೀಬಿ ಅಂದ್ರು... ಬೀಡಿ ಅಂದ್ರು... ಏನೂ ಇಲ್ಲ ಅಂದ್ರು. ಪಂಪು ತಗೊಂಡು ಹೋದ್ರೆ... ಎದೆ ಸರಿ ಇದ್ದಂಗೆ ಕಾಣ್ತೈತೆ. ನಾಳೆ... ಹಿಂಗೇ ಹೋಗ್ತೀನಿ. ಹಿಂಗೇ ನೋಡ್ಲಿ. ಗಣಿ ಧೂಳು ಅಂತ... ಒಬ್ರಾದ್ರೂ ಬರೀಲಿ."

ಫೋನು ಇಟ್ಟ.

ಆಗ ನನಗೆ ತಿಳಿಯಿತು, ಈ ಮುದುಕ ಮೋಸ ಹೋಗಿಲ್ಲ. ಅವನಿಗೆ ಬೇಕಾದದ್ದನ್ನೇ ಆ ಸಾಲು ಹೇಳಿತ್ತು. ಇನ್ನು ಅವನನ್ನು ನನ್ನ ಮಾತಿನಿಂದ ಅಲ್ಲಾಡಿಸಲು ಆಗದು. ಆಸ್ಪತ್ರೆಯ ಮಾತು ಬೇಕು. ರಾಧಾಮಣಿ ಸಿಸ್ಟರಿಗೆ ಎಷ್ಟು ಸಲ ಮಾಡಿದರೂ ಫೋನು ಎತ್ತುತ್ತಿರಲಿಲ್ಲ.

ಬಾಲಾಜಿ ಬೈಕಿನ ಕೀ ಚಾಚಿದ. ಮಾತಾಡಿದ್ದರೆ ಹೊಡೆದಿರುತ್ತಿದ್ದೆ.

ಆಸ್ಪತ್ರೆಯಲ್ಲಿ ಶನಿವಾರದ ಓಪಿ, ಹೊರರೋಗಿಗಳ ಸರದಿ. ಬೆಂಚು ತುಂಬ ಜನ, ಚೀಟಿ ಹಿಡಿದ ಕೈಗಳು. ಸಾಲು ದಾಟಿ ಮುಂದೆ ಹೋದ ನನಗೆ ಒಬ್ಬ ಹೆಂಗಸು, "ಏಯ್, ನಾವೇನು ಇಲ್ಲಿ ತೇರು ನೋಡಕ್ಕೆ ಕೂತಿದೀವಾ?" ಅಂದಳು. ರಾಧಾಮಣಿ ಸಿಸ್ಟರ್ ಯಾರಿಗೋ ಬಿಪಿ ಪಟ್ಟಿ ಸುತ್ತುತ್ತಿದ್ದಳು. ನಾನು ಫೋನಿನ ದನಿ ಕೇಳಿಸಿದೆ. ಅವಳ ಹುಬ್ಬು ಒಂದಾಯಿತು.

"ಇದನ್ನ ನಾವು ಯಾವಾಗ ಹೇಳಿದ್ವಿ?"

"ಹೇಳಿಲ್ಲ ಅಂತ ನನಗನ್ನಿಸ್ತು ಸಿಸ್ಟರ್. ಆದ್ರೆ ನಂಗೆ ಅನ್ಸಿದ್ರೆ ಸಾಲಲ್ಲ. ಡಾಕ್ಟ್ರನ್ನ ಕೇಳಿ ಹೇಳಿ."

ಅವಳು ನನ್ನನ್ನೊಮ್ಮೆ ನೋಡಿ ಡಾಕ್ಟರ ರೂಮಿಗೆ ಹೋದಳು. ಬಾಗಿಲು ಮುಚ್ಚಿತು. ಒಳಗೆ ಯಾರ ದನಿಯೂ ಕೇಳುತ್ತಿರಲಿಲ್ಲ. ಅವರು ಹೌದು ಅಂದುಬಿಟ್ಟರೆ? ಪಂಪು ನಿಲ್ಲಿಸಿಯೇ ಬರಲಿ, ನಾವೇ ಬರೆಯಲು ಮರೆತಿದ್ದೆವು ಅಂದುಬಿಟ್ಟರೆ ಮಾಮನಿಗೆ ಏನಂತ ಹೇಳಲಿ? ಆ ನಿಮಿಷದಲ್ಲಿ ನನಗೆ ಎಲ್ಲರ ಮೇಲೂ ಸಿಟ್ಟು ಬಂತು. ಮೆಷಿನ್ನಿನ ಮೇಲೆ, ಬಾಲಾಜಿ ಮೇಲೆ, ಸೀಮಂತದ ಮೇಲೆ, ಗಣಿ ತೋಡಿದವರ ಮೇಲೆ, ಮುಚ್ಚಿದವರ ಮೇಲೆ.

ಸಿಸ್ಟರ್ ಹೊರಗೆ ಬಂದಳು.

"ಯಾರೂ ಏನೂ ನಿಲ್ಲಿಸ್ಬಾರ್ದು. ದಿನಾ ತಗೊಳ್ಳೋದು ತಗೊಂಡೇ ಬರ್ಬೇಕು. ಉಬ್ಬಸ ಬಂದ್ರೆ ಪಂಪು ತಗೋಬೇಕು. ಎಷ್ಟೊತ್ಗೆ ತಗೊಂಡ್ರಿ ಅಂತ ನಮ್ಗೆ ಹೇಳಿದ್ರೆ ಸಾಕು, ಡಾಕ್ಟ್ರು ಅದನ್ನ ಲೆಕ್ಕಕ್ಕಿಟ್ಕೊಂಡು ನೋಡ್ತಾರೆ. ಯಾವುದಾದ್ರೂ ಟೆಸ್ಟಿಗೆ ನಿಲ್ಲಿಸ್ಬೇಕು ಅಂತಿದ್ರೆ ಒಬ್ಬೊಬ್ರನ್ನ ನೋಡಿ ಅವ್ರೇ ಹೇಳ್ತಾರೆ. ಊರಿಗೆಲ್ಲ ಡಂಗುರ ಹೊಡೆಯೋ ಮಾತಲ್ಲ ಅದು." ಒಂದು ಉಸಿರು ತೆಗೆದುಕೊಂಡು, "ನಿಮ್ಮೋರಿಗೆ ಬುದ್ಧಿ ಇಲ್ವೇನ್ರೀ?" ಅಂದಳು. ಮೊದಲ ಸಲ ನನಗೆ 'ರೀ' ಹಾಕಿದ್ದಳು, ಅದು ಮರ್ಯಾದೆಗಲ್ಲ.

ಬಾಲಾಜಿಯ ಮೆಸೇಜು ಬಂತು. ತಿದ್ದುಪಡಿ ಬರೆದಿದ್ದೇನೆ, ನೋಡು ಅಂತ. "ಹಿಂದಿನ ಪೋಸ್ಟಿನಿಂದ ಉಂಟಾಗಿರಬಹುದಾದ ಸಣ್ಣ ಗೊಂದಲಕ್ಕೆ ವಿಷಾದಿಸುತ್ತೇವೆ. ನಿಮ್ಮ ಆರೋಗ್ಯವೇ ನಮ್ಮ ಆದ್ಯತೆ." ಇದನ್ನೂ ಮೆಷಿನ್ನಿನಲ್ಲೇ ಮಾಡಿಸಿದ್ದ. ಧಾಟಿ ಸರಿ, ಮರ್ಯಾದೆ ಸರಿ. ಪಂಪು ಎಂಬ ಪದವೇ ಇಲ್ಲ.

ಅಲ್ಲೇ ಗೋಡೆಗೊರಗಿ ನಾನೇ ಬರೆದೆ. "ಇಂದು ಹನ್ನೆರಡು ಗಂಟೆಗೆ ತಮಿಳಿನಲ್ಲಿ ಬಂದ ಪೋಸ್ಟಿನಲ್ಲಿ, ಪಂಪು ಮತ್ತು ಮಾತ್ರೆ ಬಳಸಬೇಡಿ ಎಂದಿತ್ತು. ಅದು ತಪ್ಪು. ಆಸ್ಪತ್ರೆ ಹಾಗೆ ಹೇಳಿಲ್ಲ. ನಿಮ್ಮ ಔಷಧವನ್ನು ಎಂದಿನಂತೆ ತೆಗೆದುಕೊಳ್ಳಿ. ಉಬ್ಬಸ ಬಂದರೆ ಪಂಪು ಬಳಸಿ. ಯಾವ ಹೊತ್ತಿಗೆ ಬಳಸಿದಿರಿ ಎಂದು ನಾಳೆ ನಮಗೆ ತಿಳಿಸಿ. ಉಬ್ಬಸ ಇಳಿಯದಿದ್ದರೆ ನಾಳೆಗೆ ಕಾಯಬೇಡಿ, ಕೂಡಲೇ ಆಸ್ಪತ್ರೆಗೆ ಬನ್ನಿ."

ಸಿಸ್ಟರ್ ಓದಿದಳು. ಡಾಕ್ಟರಿಗೂ ತೋರಿಸಿ ಬಂದಳು. ಆಮೇಲೆ ಅವಳೇ ತಮಿಳಿನಲ್ಲಿ ಬರೆದಳು, ಮೆಷಿನ್ನಿಲ್ಲದೆ, ಓಪಿ ಚೀಟಿಯ ಹಿಂದೆ, ಡೊಂಕು ಡೊಂಕಾಗಿ. ಫೋಟೋ ತೆಗೆದು ಕಳಿಸಿದೆ. ಹಾಕು ಎಂದು ನಾನು ಫೋನಿನಲ್ಲಿ ಕೂಗಿಕೊಳ್ಳುತ್ತಿದ್ದರೂ ಶಶಿರೇಖಕ್ಕ ಹಾಕಲಿಲ್ಲ. ಬಾಲಾಜಿ ಆ ಫೋಟೋದಿಂದ ಕಂಪ್ಯೂಟರಿನಲ್ಲಿ ಅಕ್ಷರ ಎತ್ತಿಸಿದ ಮೇಲೆ ರೂಪ ಓದಲೇಬೇಕು ಎಂದು ಕೂತಳು. ಛತ್ರದವರಿಗೆ ಫೋನು ಮಾಡಿ, ನಾದಸ್ವರದ ನಡುವೆ ರೂಪಳನ್ನು ಕರೆಸಿದಳು. ರೂಪ ಗಟ್ಟಿಯಾಗಿ ಓದಿದಳಂತೆ, ಒಂದು ಕಡೆ 'ಬಳಸಿ' ಹೋಗಿ ಬೇರೇನೋ ಆಗಿತ್ತಂತೆ, ತಿದ್ದಿಸಿದಳಂತೆ. ಆಮೇಲೆ ಅವಳ ಹೆಸರಿನಲ್ಲೇ ಟಿಕ್ ಹಾಕಿದರು. ಪೋಸ್ಟು ಹೋಯಿತು.

ನನ್ನ ಕೈಯಲ್ಲಿ ಇನ್ನೊಂದಿತ್ತು. ಸಿಸ್ಟರಿನ ದನಿ, ಅದೇ ಮಾತು, ತಮಿಳಿನಲ್ಲಿ, ನನ್ನ ಫೋನಿಗೆ ಹೇಳಿಸಿಕೊಂಡಿದ್ದೆ. "ಹೋಗು," ಅಂದಳು ಸಿಸ್ಟರ್. "ಪಂಪು ತಗೊಂಡ್ರೂ ಇಳೀಲಿಲ್ಲ ಅಂದ್ರೆ ಫೋನು ಮಾಡು, ಜೀಪು ಕಳಿಸ್ತೀನಿ. ಈ ಸಲ ಫೋನು ಎತ್ತುತ್ತೀನಿ."

ಬಾಲಾಜಿಯ ಬೈಕು ಅವನ ಹಾಗೆಯೇ, ಮೂರನೆಯ ಗೇರಿಗೆ ಒಪ್ಪುವುದಿಲ್ಲ. ಅದನ್ನು ಬೈದುಕೊಂಡೇ ಕೋರಮಂಡಲ್ ಮುಟ್ಟಿದೆ. ಲೈನಿನ ಮನೆಗಳ ಮೇಲೆ, ಗಣಿಯ ಪುಡಿಮಣ್ಣು ಸುರಿದ ಸಯನೈಡ್ ದಿಬ್ಬದ ಬಿಳಿ ಧೂಳು ಹಾರುತ್ತಿತ್ತು.

ಮಾಮ ಬಾಗಿಲಲ್ಲಿ ಸ್ಟೂಲಿನ ಮೇಲೆ ಕೂತಿದ್ದ. ಎರಡೂ ಕೈ ಮಂಡಿಗೆ ಊರಿ, ಭುಜ ಕಿವಿಯ ತನಕ ಎತ್ತಿ. ಕುತ್ತಿಗೆಯ ಗುಂಡಿ ಒಳಗೆ ಹೋಗಿ ಬರುತ್ತಿತ್ತು. ಪಂಪು ಹಿಡಿದ ಅತ್ತೆ ಪಕ್ಕದಲ್ಲಿ, ಮಗುವಿಗೆ ತುತ್ತು ಹಿಡಿದವಳ ಹಾಗೆ. ಮೆಸೇಜು ಓದಿ ಹೇಳಿದ ಪಕ್ಕದ ಮನೆ ಕಲಾ ಗೇಟಿನ ಬಳಿ ಸೆರಗು ಕಚ್ಚಿಕೊಂಡು ನಿಂತಿದ್ದಳು.

ನಾನು ಫೋನು ಅವನ ಕಿವಿಯ ಹತ್ತಿರ ಹಿಡಿದೆ. ಸಿಸ್ಟರಿನ ದನಿ ಹಾಕಿದೆ.

ಮಾಮ ಕಣ್ಣು ಮುಚ್ಚಿ ಕೇಳಿದ. ಮುಗಿದ ಮೇಲೆ ಬೆರಳೆತ್ತಿದ, ಇನ್ನೊಂದು ಸಲ. ಹಾಕಿದೆ. ಯಾವ ಹೊತ್ತಿಗೆ ಬಳಸಿದಿರಿ ಎಂದು ತಿಳಿಸಿ, ಡಾಕ್ಟರು ಅದನ್ನು ಗಮನದಲ್ಲಿಟ್ಟು ನೋಡುತ್ತಾರೆ ಎಂಬಲ್ಲಿ ಅವನು ಕಣ್ಣು ತೆರೆದ.

"ನೋಡ್ತಾರಾ?"

"ನೋಡ್ತಾರೆ ಅಂತ ಡಾಕ್ಟ್ರು ಹೇಳಿದ್ದನ್ನೇ ಸಿಸ್ಟರು ಹೇಳಿರೋದು. ಧೂಳು ಅಂತ ಬರೀತಾರಾ ಅಂತ ನಂಗೆ ಗೊತ್ತಿಲ್ಲ ಮಾಮ. ಗೊತ್ತಿಲ್ದೇ ಇರೋದನ್ನ ಇವತ್ತು ನಾನು ಹೇಳಲ್ಲ."

ಅವನು ನನ್ನನ್ನೇ ನೋಡಿದ. ಬೈಯುತ್ತಾನೆ ಅಂದುಕೊಂಡೆ. ಕೈ ಚಾಚಿದ. ಅತ್ತೆ ಪಂಪು ಅಲ್ಲಾಡಿಸಿ ಅವನ ಬಾಯಿಗಿಟ್ಟಳು. ಒತ್ತಿ ಎಳೆದ, ತಡೆದ, ಬಿಟ್ಟ. ಸ್ವಲ್ಪ ಹೊತ್ತು ಬಿಟ್ಟು ಮತ್ತೊಂದು.

ನಾನು ಫೋನಿನಲ್ಲಿ ಸಿಸ್ಟರ್ ನಂಬರು ತೆರೆದಿಟ್ಟು ಅವನ ಕುತ್ತಿಗೆಯ ಗುಂಡಿ ನೋಡುತ್ತಿದ್ದೆ. ಆಚೆ ಸ್ಟೇಷನ್ನಿನಲ್ಲಿ ಬಂಗಾರಪೇಟೆಗೆ ಹೋಗುವ ರೈಲು ನಿಂತಿತು, ಹೊರಟಿತು. ಅದು ಹೊರಟ ಮೇಲೆಯೇ ಭುಜ ಒಂದಿಷ್ಟು ಕೆಳಗಿಳಿದದ್ದು. ಶಿಳ್ಳೆ ಇತ್ತು, ಆದರೆ ಅದರ ನಡುವೆ ಈಗ ಗಾಳಿಗೂ ಜಾಗವಿತ್ತು.

ಅತ್ತೆ ಆಗ ಶುರು ಮಾಡಿದಳು. ತಮಿಳಿನಲ್ಲಿ ಅರ್ಧ, ಕನ್ನಡದಲ್ಲಿ ಅರ್ಧ, ಯಾರನ್ನೂ ಬಿಡಲಿಲ್ಲ. "ಯಾವ ನಾಸಮಾಪೋನವನು ಬರ್ದಿದ್ದು ಅದನ್ನ? ಕೈ ಬಿದ್ದೋಗ!"

"ಯಾರೂ ಬರೀಲಿಲ್ಲ ಅತ್ತೆ. ಮೆಷಿನ್ನು."

"ಮೆಷಿನ್ನು ತಾನೇ ಬರ್ದು ತಾನೇ ಕಳಿಸ್ತಾ? ಮಧ್ಯ ಮನುಷ್ರು ಇರ್ಲಿಲ್ವಾ?"

"ಇದ್ರು."

"ಮತ್ತೆ?"

"ಓದ್ಲಿಲ್ಲ."

ಮಾಮ ಪಂಪಿನ ಮುಚ್ಚಳ ಹಾಕುತ್ತಿದ್ದ. "ಓದಕ್ಕೇ ತಾನೆ ನಿಂಗೆ ಸಂಬಳ?" ಅಂದ, ಒಂದೇ ಉಸಿರಿನಲ್ಲಿ.

ನನ್ನದಲ್ಲ, ಬಾಲಾಜಿಯದು, ನಾನು ಬೇಡ ಅಂದಿದ್ದೆ, ಎಲ್ಲವೂ ಬಾಯಿಗೆ ಬಂತು. ಎಲ್ಲವೂ ನಿಜವೇ. ಆದರೆ ಕಲಾ ಗೇಟಿನಿಂದಲೇ ಮೆಲ್ಲಗೆ, "ಅಣ್ಣಾ, ಅದನ್ನ ನಾನು ಮುನಿಸ್ವಾಮಪ್ಪಂಗೂ ಓದಿ ಹೇಳಿದೆ. ಕೊನೇ ಮನೆ ಸುಮಲತ ಅವ್ರಪ್ಪಂಗೂ," ಅಂದಳು. ಅವಳ ಮುಖ ಅಳುವ ಹಾಗಾಗಿತ್ತು.

"ನೀನೇನು ಮಾಡ್ತೀಯಮ್ಮ. ಅಲ್ಲಿ ಇದ್ದದ್ದನ್ನ ಓದಿದ್ದೀಯ. ನಡಿ, ಮನೆ ತೋರ್ಸು."

ಮುನಿಸ್ವಾಮಪ್ಪನ ಬಾಗಿಲು ಬಡಿದೆ. ಒಳಗೆ ಕೆಮ್ಮು. ಅವರ ಸೊಸೆ ಬಾಗಿಲು ಅರ್ಧ ತೆರೆದು ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

"ಯಾರು?"

"ಆಸ್ಪತ್ರೆ ಮೆಸೇಜು ಬಂತಲ್ಲಮ್ಮ, ಪಂಪು ತಗೋಬೇಡಿ ಅಂತ. ಅದು ತಪ್ಪು."

"ತಪ್ಪು ಅಂತ ಹೇಳಕ್ಕೆ ನೀನ್ಯಾರಪ್ಪ?"

"ಅದರ ಪಕ್ಕ ಇರೋದು ನನ್ನ ಹೆಸರು," ಅಂದು ಫೋನು ಮುಂದೆ ಹಿಡಿದೆ. "ನನ್ನ ಮಾತು ನಂಬ್ಬೇಡಿ. ಇದು ಸಿಸ್ಟರು. ಮಾವನ್ನ ಕರೀರಿ, ಅವ್ರೇ ಕೇಳ್ಲಿ."